19 ಮಕ್ಕಳು, 13ರ ಗೆರೆ

"ನಮ್ಮ ಏರಿಯಾದಲ್ಲಿ 19 ಮಕ್ಕಳನ್ನು ನೋಡಿದೆವು, 12 ಮಕ್ಕಳಿಗೆ ಪೂರ್ತಿ ಲಸಿಕೆ ಆಗಿದೆ. ಗುರಿ 80%, 13 ಬೇಕಿತ್ತಂತೆ. ಇನ್ನೊಂದು ನಾಲ್ಕು ಮನೆ ನೋಡಿ ಸೇರಿಸಬಹುದಾ?"

ಬೇಡ ಅಕ್ಕ. 12 ಬಂದಿದೆ ಅಂದ್ರೆ ಆ ಏರಿಯಾಗೆ ಈಗ ಹೆಚ್ಚು ಗಮನ ಬೇಕು, ಅಷ್ಟೇ ಬರೆದುಕೊಳ್ಳಿ. ಫಲಿತಾಂಶ ನೋಡಿದ ಮೇಲೆ ಮನೆ ಸೇರಿಸುತ್ತಾ ಹೋದರೆ ಯಾವ ಏರಿಯಾನೂ ಒಂದಲ್ಲ ಒಂದು ಹೊತ್ತಿಗೆ ಪಾಸಾಗಿಬಿಡುತ್ತದೆ.

19ರ 80% ಅಂದ್ರೆ ಸುಮಾರು 15 ಆಗಬೇಕಲ್ಲ ಅನಿಸಬಹುದು, ಆದರೆ 13ರ ಗೆರೆ ಸುಮ್ನೆ ಹಾಕಿದ್ದಲ್ಲ. ನಿಜವಾಗಿ 80% ಮಕ್ಕಳಿಗೆ ಲಸಿಕೆ ಆಗಿರುವ ಏರಿಯಾದಲ್ಲಿ 19 ಮಕ್ಕಳನ್ನು ನೋಡಿದರೆ, ನೂರರಲ್ಲಿ ಸುಮಾರು ಏಳು ಸಲ ಮಾತ್ರ 13ಕ್ಕಿಂತ ಕಡಿಮೆ ಬರುತ್ತದೆ. ಬರೀ 50% ಆಗಿರುವ ಕಡೆ 13 ಮುಟ್ಟುವುದು ನೂರಕ್ಕೆ ಎಂಟು ಸಲ. ನಡುವೆ, 65%ರ ಹತ್ತಿರ ಇದ್ದರೆ ಮಾತ್ರ ನಾಣ್ಯ ಚಿಮ್ಮಿದ ಹಾಗೆ, ಆ ಕಡೆಗೂ ಬೀಳಬಹುದು, ಈ ಕಡೆಗೂ ಬೀಳಬಹುದು. 19 ಮಕ್ಕಳ ಲೆಕ್ಕ ಏರಿಯಾ ಪಾಸೋ ಇಲ್ಲವೋ ಅಂತ ನೋಡೋಕೆ ಅಷ್ಟೇ, ಶೇಕಡಾ ಹೇಳೋಕಲ್ಲ. ಅದಕ್ಕೇ 12/19 ಅಂದ್ರೆ 63% ಅಂತ ವರದಿಯಲ್ಲಿ ಬರೆಯಬೇಡಿ.

ಮೇಲೆ ಒಬ್ಬರು "19 ಸಾಲದು, ಹತ್ತರಲ್ಲೊಂದು ಮನೆಯಾದರೂ ನೋಡಬೇಕು" ಅಂದಿದ್ದಾರೆ. ಒಂದು ಏರಿಯಾದ ಶೇಕಡಾವಾರು ಬೇಕು ಅಂದ್ರೆ 19 ಸಾಲದು ಅನ್ನೋದು ಸರಿ. ಆದರೆ ಹತ್ತರಲ್ಲೊಂದು ಅನ್ನೋ ಲೆಕ್ಕ ಬೇಕಿಲ್ಲ. ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೆ ದೊಡ್ಡದಾದರೆ ಜಾಸ್ತಿ ಅಗುಳು ಹಿಸುಕುತ್ತೇವಾ? ಶೇಕಡಾ ಬೇಕಿದ್ದರೆ ಏರಿಯಾಗಳನ್ನು ಕೂಡಿಸಿ. ಐದು ಏರಿಯಾದಲ್ಲಿ 16, 14, 12, 17, 15 ಬಂತು ಅಂದುಕೊಳ್ಳಿ. 95ರಲ್ಲಿ 74, ಅಂದ್ರೆ ಸುಮಾರು 78%, ಎಂಟು ಆಚೀಚೆ. ಏರಿಯಾಗಳ ಜನಸಂಖ್ಯೆ ತುಂಬ ಹೆಚ್ಚುಕಡಿಮೆ ಇದ್ದರೆ ಅದಕ್ಕೆ ತಕ್ಕಂತೆ ತೂಕ ಕೊಡಬೇಕು.

ನಿಜವಾಗಿ ಕೆಡುವುದು ಮನೆ ಆರಿಸುವಾಗ. ಮೊದಲ ಸಲ ನಾನು ರಸ್ತೆ ಬದಿಯ ಮನೆಗಳನ್ನೇ ನೋಡಿ 17 ತಂದೆ. ಖುಷಿಪಟ್ಟೆ. ಆಮೇಲೆ ಕೆರೆ ಏರಿ ಹಿಂದಿನ ಕೂಲಿಯವರ ಶೆಡ್ಡಿಗೆ ಹೋದರೆ, ಒಂದೂವರೆ ವರ್ಷದ ಮಗುವಿನ ತಾಯಿ ಕಾರ್ಡಿನಲ್ಲಿ ಹುಟ್ಟಿದಾಗ ಹಾಕಿದ್ದು ಬಿಟ್ಟರೆ ಉಳಿದ ಕಾಲಂಗಳೆಲ್ಲ ಖಾಲಿ. ಆ ಶೆಡ್ಡು ನಮ್ಮ ಹಳ್ಳಿಗಳ ಪಟ್ಟಿಯಲ್ಲೇ ಇರಲಿಲ್ಲ.

ಹಾಗಾಗಿ ಪಟ್ಟಿಯಲ್ಲಿ ಹಾಡಿ, ತೋಟದ ಮನೆ, ಶೆಡ್ಡು ಎಲ್ಲ ಬರಲಿ. ಪಕ್ಕದಲ್ಲಿ ಜನಸಂಖ್ಯೆ ಕೂಡುತ್ತಾ ಬನ್ನಿ. ಒಟ್ಟು 5,700 ಆದರೆ 19ರಿಂದ ಭಾಗಿಸಿ, 300 ಬಂತು. 1ರಿಂದ 300ರೊಳಗೆ ಚೀಟಿ ಎತ್ತಿ, 120 ಬಂದರೆ 120, 420, 720 ಎಲ್ಲೆಲ್ಲಿ ಬೀಳುತ್ತವೋ ಆ ಊರುಗಳಿಗೆ ಹೋಗಿ. ಅಲ್ಲಿ ಮನೆಯನ್ನೂ ಚೀಟಿ ಎತ್ತಿಯೇ ಆರಿಸಿ. 12ರಿಂದ 23 ತಿಂಗಳ ಮಗು ಇಲ್ಲದಿದ್ದರೆ ಅಲ್ಲಿಂದ ಹತ್ತಿರದ ಮನೆ. ಬೀಗ ಹಾಕಿದ್ದರೆ ಸಂಜೆ ಮತ್ತೆ ಹೋಗಿ, ಸುಲಭಕ್ಕೆ ಬೇರೆ ಮನೆ ಹಿಡಿಯಬೇಡಿ.

ಹಸುವಿನ ಕಾಲುಬಾಯಿ ಲಸಿಕೆಗೂ ಇದು ನಡೆಯುತ್ತಾ ಅಂತ ಕೇಳಿದ ಅಣ್ಣನಿಗೆ: ನಡೆಯುತ್ತದೆ, ಆದರೆ ಒಂದು ಕೊಟ್ಟಿಗೆಯಿಂದ ಒಂದೇ ದನ ಆರಿಸಿ. ಒಂದೇ ಕೊಟ್ಟಿಗೆಯವಕ್ಕೆ ಹಾಕಿದರೆ ಎಲ್ಲಕ್ಕೂ ಹಾಕಿರುತ್ತಾರೆ, ಬಿಟ್ಟರೆ ಎಲ್ಲವನ್ನೂ ಬಿಟ್ಟಿರುತ್ತಾರೆ. ಮೂರು ಕೊಟ್ಟಿಗೆಯ 19 ದನ 19 ಅಲ್ಲ, ಹೆಚ್ಚುಕಡಿಮೆ ಮೂರೇ.

ಕಾರ್ಡ್ ತವರಲ್ಲಿದೆ, ಆದರೆ ತಾಯಿ "ಎಲ್ಲ ಹಾಕಿಸಿದ್ದೀನಿ" ಅಂದರೆ ಲೆಕ್ಕಕ್ಕೆ ತಗೋಬೇಕಾ? ನಮ್ಮ ತಂಡದಲ್ಲೇ ಇದಕ್ಕೆ ಎರಡು ಮಾತಿದೆ. ನಾನು ಬೇರೆ ಕಾಲಂನಲ್ಲಿ ಬರೆಯುತ್ತೇನೆ. ಅಕ್ಕ, ನಿಮ್ಮ 12ರಲ್ಲಿ ಕಾರ್ಡ್ ನೋಡಿದ್ದು ಎಷ್ಟು?