ಪ್ರತಿಕ್ರಿಯೆ: ಬಾಯನ್ಸಿ 1 ದಾಟಿದರೂ ಅನುಪಾತ ಏರದಿರುವುದು

"ತೆರಿಗೆ ಬಾಯನ್ಸಿ 1ಕ್ಕಿಂತ ಜಾಸ್ತಿ ಇದ್ರೂ ಜಿಡಿಪಿಗೆ ತೆರಿಗೆಯ ಅನುಪಾತ ಯಾಕೆ ಅಲ್ಲೇ ಇದೆ?"

ಬಾಯನ್ಸಿ ಅಂದರೆ ಜಿಡಿಪಿ ಶೇ 1 ಬೆಳೆದಾಗ ತೆರಿಗೆ ಶೇ ಎಷ್ಟು ಬೆಳೆಯಿತು ಅನ್ನುವ ಲೆಕ್ಕ. ಅದು 1 ದಾಟಿದರೆ ಅನುಪಾತ ಏರುತ್ತದೆ, ಆದರೆ ತುಂಬಾ ನಿಧಾನ. ಜಿಡಿಪಿ 100 ಇದ್ದದ್ದು 110 ಆಯಿತು, ತೆರಿಗೆ 12ರಿಂದ 13.5 ಆಯಿತು ಅಂದುಕೊಳ್ಳಿ. ತೆರಿಗೆ ಬೆಳೆದದ್ದು ಶೇ 12.5, ಜಿಡಿಪಿ ಶೇ 10. ಭಾಗಿಸಿದರೆ ಬಾಯನ್ಸಿ 1.25. ಅನುಪಾತ ಮಾತ್ರ ಶೇ 12ರಿಂದ 12.27ಕ್ಕೆ ಬಂತು, ಅಷ್ಟೇ. ಒಂದು ಮಂದ ವರ್ಷ ಬಂದರೆ ಅದೂ ಹೋಯ್ತು.

ಬಾಯನ್ಸಿ ಜಾಸ್ತಿ ಇದ್ದ ಮಾತ್ರಕ್ಕೆ ವಸೂಲಿ ಚೆನ್ನಾಗಿದೆ ಅಂತಲೂ ಅಲ್ಲ. ದರ ಏರಿಸಿದ್ದೂ ಅದರಲ್ಲೇ ಸೇರುತ್ತದೆ. 2020-21ರಲ್ಲಿ ಜಿಡಿಪಿ ಕುಗ್ಗಿದರೂ ಕೇಂದ್ರದ ಒಟ್ಟು ತೆರಿಗೆ ತುಸು ಹೆಚ್ಚಿತು. ಪೆಟ್ರೋಲ್, ಡೀಸೆಲ್ ಮೇಲಿನ ಸುಂಕ ಏರಿಸಿದ್ದು ಅದಕ್ಕೆ ದೊಡ್ಡ ಕಾರಣ. ಅಂಥ ವರ್ಷ ಬಾಯನ್ಸಿ ಮೈನಸ್ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ನಾನು ಐದಾರು ವರ್ಷದ್ದನ್ನು ಒಟ್ಟಿಗೇ ನೋಡುತ್ತೇನೆ.

ಇನ್ನು ಅನುಪಾತ ಏರದಿರಲು ಇನ್ನೊಂದು ಕಾರಣ. ನಮ್ಮ ತೀರ್ಥಹಳ್ಳಿ ಕಡೆ ತೋಟದವರು ಶಿವಮೊಗ್ಗ ಮಂಡಿಗೆ ರಾಶಿ ಅಡಿಕೆ ಹಾಕುತ್ತಾರಲ್ವಾ? ಆ ಆದಾಯ ಜಿಡಿಪಿಯಲ್ಲಿ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಆದರೆ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಅಡಿಕೆ ಮೇಲೆ ಜಿಎಸ್‌ಟಿ ಇದೆ, ನಿಜ. ಆದರೂ ಬೆಳೆಗಾರರ ಲಾಭ ಹೆಚ್ಚಿದಷ್ಟು ಆದಾಯ ತೆರಿಗೆ ಹೆಚ್ಚುವುದಿಲ್ಲ. ಇದು ಅಧಿಕಾರಿಗಳ ಸೋಮಾರಿತನ ಅಲ್ಲ, ಕಾನೂನೇ ಬಿಟ್ಟಿರುವ ಜಾಗ.