ಸೈಟೋಕೈನ್ ಸ್ಟಾರ್ಮ್ ಮತ್ತು ಸೆಪ್ಸಿಸ್: ರೋಗಾಣುವಿಗಿಂತ ನಮ್ಮ ದೇಹವೇ ಜಾಸ್ತಿ ಹಾನಿ ಮಾಡೋದು ಹೇಗೆ?

ಪ್ರಶ್ನೆ: ಇಮ್ಯುನಿಟಿ ನಮ್ಮನ್ನ ಕಾಪಾಡಬೇಕಲ್ವಾ, ಅದೇ ನಮ್ಮ ಪ್ರಾಣ ತೆಗೆಯೋದು ಹೇಗೆ? ಸೈಟೋಕೈನ್ ಸ್ಟಾರ್ಮ್, ಸೆಪ್ಸಿಸ್ ಎರಡೂ ಒಂದೇನಾ? ಹಾಗಿದ್ರೆ ಇಮ್ಯುನಿಟಿ ಕಡಿಮೆ ಮಾಡೋ ಔಷಧಿ ಕೊಟ್ಟುಬಿಟ್ರೆ ಆಗಲ್ವಾ?

ಉತ್ತರ:

ನಾನು ಐಸಿಯುನಲ್ಲಿ ಕೆಲಸ ಮಾಡುವ ವೈದ್ಯ. ರೋಗಿಗಳ ಮನೆಯವರು ನಿಮ್ಮ ಕೊನೆಯ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದರೆ, ರೋಗಾಣುವೇ ಇಲ್ಲದೆ ಬರೀ ಇಮ್ಯೂನ್ ಕೋಶಗಳಿಂದ ಜನ ಸಾಯುವ ಸ್ಥಿತಿಗೆ ಹೋದ ಒಂದು ಘಟನೆಯಿಂದ ಶುರು ಮಾಡಬೇಕು.

2006ರ ಮಾರ್ಚ್ 13, ಲಂಡನ್. ಟಿಜಿಎನ್1412 ಅನ್ನುವ ಹೊಸ ಔಷಧಿಯನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಆರು ಜನ ಆರೋಗ್ಯವಂತ ಯುವಕರು ಸ್ವಂತ ಇಚ್ಛೆಯಿಂದ ಬಂದಿದ್ದರು. ಅದು ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳ ಮೇಲಿರುವ ಸಿಡಿ28 ಅನ್ನುವ ಸ್ವಿಚ್ಚನ್ನು ನೇರವಾಗಿ ಒತ್ತುವ ಆಂಟಿಬಾಡಿ. ಸಾಮಾನ್ಯವಾಗಿ ಟಿ ಕೋಶ ಕೆರಳಬೇಕಾದರೆ ಎರಡು ಸೂಚನೆ ಬೇಕು. ಒಂದು, ತಾನು ಗುರುತಿಸುವ ಶತ್ರುವಿನ ತುಣುಕು ಕಾಣಬೇಕು. ಇನ್ನೊಂದು, ಸಿಡಿ28 ಮೂಲಕ ಒಪ್ಪಿಗೆ ಸಿಗಬೇಕು. ಈ ಔಷಧಿ ಮೊದಲನೆಯದನ್ನು ಬಿಟ್ಟು ಎರಡನೆಯದರಿಂದಲೇ ಕೋಶವನ್ನು ಎಬ್ಬಿಸುತ್ತಿತ್ತು. ಅಂದರೆ ಶತ್ರು ಇದ್ದರೂ ಇಲ್ಲದಿದ್ದರೂ ಕೋಶ ಕೆರಳುತ್ತಿತ್ತು.

ಕೊಟ್ಟ ಡೋಸ್ ಮಂಗಗಳಿಗೆ ಸುರಕ್ಷಿತ ಎಂದು ಕಂಡಿದ್ದರ ಐನೂರರಲ್ಲಿ ಒಂದು ಪಾಲು ಮಾತ್ರ. ಆದರೂ ಒಂದೂವರೆ ಗಂಟೆಯೊಳಗೆ ಆರೂ ಜನಕ್ಕೆ ತಲೆನೋವು, ಮೈಕೈ ನೋವು, ವಾಕರಿಕೆ, ಭೇದಿ ಶುರುವಾಯಿತು. ಮೈ ಕೆಂಪಾಯಿತು, ಬಿಪಿ ಬಿತ್ತು. 12ರಿಂದ 16 ಗಂಟೆಯೊಳಗೆ ಶ್ವಾಸಕೋಶ, ಕಿಡ್ನಿ ಎರಡೂ ಕೆಟ್ಟವು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಹದಗೆಟ್ಟಿತು. ರಕ್ತ ಪರೀಕ್ಷೆಯಲ್ಲಿ ಟಿಎನ್ಎಫ್, ಇಂಟರ್‌ಫೆರಾನ್ ಗಾಮಾ, ಐಎಲ್-6 ತರಹದ ಸೈಟೋಕೈನ್‌ಗಳು ವಿಪರೀತ ಏರಿದ್ದವು. ಸೈಟೋಕೈನ್ ಅಂದರೆ ಇಮ್ಯೂನ್ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಸಣ್ಣ ಪ್ರೊಟೀನ್‌ಗಳು. ಅವು ಹೀಗೆ ಹತೋಟಿ ಮೀರಿ ಏರುವುದೇ ಸೈಟೋಕೈನ್ ಸ್ಟಾರ್ಮ್. ಹೆಚ್ಚಿನ ಡೋಸ್ ಸ್ಟಿರಾಯ್ಡ್, ಡಯಾಲಿಸಿಸ್, ಉಸಿರಾಟದ ಬೆಂಬಲ ಎಲ್ಲ ಕೊಟ್ಟು ಆರೂ ಜನರನ್ನು ಉಳಿಸಿಕೊಂಡರು. ಆದರೆ ಒಬ್ಬರು ಕೈಕಾಲು ಬೆರಳುಗಳ ಭಾಗ ಕಳೆದುಕೊಂಡರು.

ಮಂಗಗಳಿಗೆ ಯಾಕೆ ಏನೂ ಆಗಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಹಿಂದೆ ಸೋಂಕು ಕಂಡು ಪಳಗಿದ ಒಂದು ಬಗೆಯ ಟಿ ಕೋಶಗಳಲ್ಲಿ ಮನುಷ್ಯರಿಗೆ ಸಿಡಿ28 ಇರುತ್ತದೆ, ಆ ಮಂಗಗಳಿಗೆ ಇರಲಿಲ್ಲ. ಸೈಟೋಕೈನ್‌ಗಳನ್ನು ರಾಶಿ ರಾಶಿ ಬಿಡುವ ಸಾಮರ್ಥ್ಯ ಇದ್ದಿದ್ದೇ ಆ ಕೋಶಗಳಿಗೆ. ಇನ್ನೊಂದು ಮಾತು. ಅವತ್ತು ಒಬ್ಬರಿಗೆ ಕೊಟ್ಟು ಕಾದು ನೋಡದೆ, ಕೆಲವೇ ನಿಮಿಷಗಳ ಅಂತರದಲ್ಲಿ ಆರೂ ಜನಕ್ಕೆ ಔಷಧಿ ಹರಿಸಿದ್ದರು. ಮೊದಲನೆಯವರಿಗೆ ಲಕ್ಷಣ ಕಾಣುವ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲರಿಗೂ ಔಷಧಿ ಹೋಗಿಯಾಗಿತ್ತು. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಮುಖ್ಯ ವಿಷಯ. ಇಷ್ಟೊಂದು ಅಂಗಗಳು ಒಟ್ಟಿಗೆ ಕೆಡೋದು ಯಾಕೆ? ಇಮ್ಯೂನ್ ಕೋಶಗಳು ಕಿಡ್ನಿಯನ್ನೋ ಶ್ವಾಸಕೋಶವನ್ನೋ ಹುಡುಕಿಕೊಂಡು ಹೋಗಿ ಹೊಡೆಯುತ್ತವೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಹಾನಿ ಆಗೋದು ಇನ್ನೊಂದು ಕಡೆ: ಸಣ್ಣ ರಕ್ತನಾಳಗಳ ಒಳಗೋಡೆಯಲ್ಲಿ. ಅದು ಒಂದೇ ಒಂದು ಕೋಶದಷ್ಟು ದಪ್ಪದ ಪದರ, ಎಂಡೋಥೀಲಿಯಂ ಅಂತಾರೆ.

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ಅಲ್ಲಿ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ. ಸೈಟೋಕೈನ್‌ಗಳು ಅಲ್ಲಿನ ನಾಳ ಹಿಗ್ಗಿಸಿ ರಕ್ತ ಜಾಸ್ತಿ ತರಿಸಿರುತ್ತವೆ. ಒಳಗೋಡೆಯ ಕೋಶಗಳ ನಡುವಿನ ಬಿಗಿ ಸಡಿಲಿಸಿ ಬಿಳಿ ರಕ್ತಕಣ ಹೊರಬರಲು ದಾರಿ ಮಾಡಿರುತ್ತವೆ. ರೋಗಾಣು ಮುಂದೆ ಹರಡದಂತೆ ಸಣ್ಣ ಹೆಪ್ಪುಗಳನ್ನೂ ಕಟ್ಟಿಸುತ್ತವೆ. ಬೆರಳಗಲದ ಜಾಗದಲ್ಲಿ ಈ ಮೂರೂ ಕೆಲಸ ಒಳ್ಳೆಯದೇ. ಇದೇ ಮೂರೂ ಇಡೀ ಮೈಯಲ್ಲಿ ಒಟ್ಟಿಗೆ ಆದರೆ? ಎಲ್ಲ ನಾಳಗಳೂ ಹಿಗ್ಗಿದರೆ ಬಿಪಿ ಬೀಳುತ್ತದೆ. ಎಲ್ಲ ಕಡೆ ಸೋರಿದರೆ ನೀರಿನಂಶ ಶ್ವಾಸಕೋಶ ತುಂಬುತ್ತದೆ, ಮೈ ಊದುತ್ತದೆ. ಎಲ್ಲ ಕಡೆ ಹೆಪ್ಪುಗಟ್ಟಿದರೆ ಬೆರಳ ತುದಿಗೂ ಕಿಡ್ನಿಗೂ ರಕ್ತ ತಲುಪೋದಿಲ್ಲ. ಹೆಪ್ಪುಗಟ್ಟಿಸುವ ಸಾಮಗ್ರಿ ಹೀಗೆ ಖರ್ಚಾಗಿ ಹೋದ ಮೇಲೆ ಸೂಜಿ ಚುಚ್ಚಿದ ಕಡೆಯಿಂದ ರಕ್ತ ಒಸರಲು ಶುರುವಾಗುತ್ತದೆ.

ಸೆಪ್ಸಿಸ್‌ನಲ್ಲೂ ಇದೇ ಆಗುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ: ಅಲ್ಲಿ ಸೋಂಕು ಇನ್ನೂ ಜೀವಂತವಾಗಿರುತ್ತದೆ. 2016ರಿಂದ ಬಳಸುತ್ತಿರುವ ವ್ಯಾಖ್ಯೆಯ ಪ್ರಕಾರ, ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ, ಅದರಿಂದ ಅಂಗಗಳು ಜೀವಕ್ಕೆ ಅಪಾಯವಾಗುವಷ್ಟು ಕೆಟ್ಟರೆ ಅದು ಸೆಪ್ಸಿಸ್. ಬರೀ ಜ್ವರ ಇದ್ದ ಮಾತ್ರಕ್ಕೆ, ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕ ಮಾತ್ರಕ್ಕೆ ಸೆಪ್ಸಿಸ್ ಅಲ್ಲ. ಹಾಗೆಯೇ ರಕ್ತದಲ್ಲಿ ಏನೂ ಸಿಗದಿದ್ದರೂ ಸೆಪ್ಸಿಸ್ ಇರಬಹುದು.

ನಾವು ಮತ್ತೆ ಮತ್ತೆ ನೋಡುವಂಥ ಒಂದು ಉದಾಹರಣೆ ಹೇಳುತ್ತೇನೆ. 58 ವರ್ಷದ ಹೆಂಗಸು, ತೂಕ 60 ಕೆಜಿ ಅಂತಿಟ್ಟುಕೊಳ್ಳಿ. ಕಿಡ್ನಿಯಿಂದ ಇಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡು, ಅದರ ಹಿಂದೆ ನಿಂತ ಮೂತ್ರದಲ್ಲಿ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಬೆಳೆದಿದೆ. ಎರಡು ದಿನದಿಂದ ಸೊಂಟದ ಪಕ್ಕ ನೋವು, ಚಳಿ ಜ್ವರ. ಇವತ್ತು ಬೆಳಿಗ್ಗೆಯಿಂದ ಮಾತು ತಡವರಿಸುತ್ತಿದೆ, ಮೂತ್ರ ಹೆಚ್ಚುಕಮ್ಮಿ ನಿಂತಿದೆ.

ಆಸ್ಪತ್ರೆಗೆ ಬಂದಾಗ ಉಸಿರು ನಿಮಿಷಕ್ಕೆ 28, ಬಿಪಿ 84/44. ಕೆಳಗಿನ ಬಿಪಿಯ ಎರಡರಷ್ಟಕ್ಕೆ ಮೇಲಿನದನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಸರಾಸರಿ ಒತ್ತಡ ಸಿಗುತ್ತದೆ. ಇವರದು 57. ಅಂಗಗಳಿಗೆ ರಕ್ತ ಸರಿಯಾಗಿ ಹೋಗಲು ನಾವು ಕನಿಷ್ಠ 65 ಇರಲಿ ಅಂತ ನೋಡುತ್ತೇವೆ. ಬೆರಳ ತುದಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಟ್ಟರೆ ಬಿಳಿಚಿದ ಜಾಗ ಮೂರು ಸೆಕೆಂಡಿನೊಳಗೆ ಕೆಂಪಾಗಬೇಕು. ಇವರಿಗೆ ಐದು ಸೆಕೆಂಡ್ ಹಿಡಿಯುತ್ತಿದೆ. ಮೊಣಕಾಲಿನ ಸುತ್ತ ಚರ್ಮದ ಮೇಲೆ ನೇರಳೆ ಬಣ್ಣದ ಬಲೆಯಂಥ ಗುರುತು. ಅಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಅನ್ನುವ ವಸ್ತು ರಕ್ತದಲ್ಲಿ 4.6, ಎರಡಕ್ಕಿಂತ ಕಡಿಮೆ ಇರಬೇಕಿತ್ತು. ಇಷ್ಟು ಗೊತ್ತಾಗಲು ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಬೆರಳು, ಗಡಿಯಾರ, ಬಿಪಿ ನೋಡುವ ಪಟ್ಟಿ, ಒಂದು ರಕ್ತ ಪರೀಕ್ಷೆ ಸಾಕು.

ಇವರ ದೇಹದಲ್ಲಿ ನಡೆದದ್ದು ಇಷ್ಟು. ಇ. ಕೋಲೈ ಹೊರಪದರದಲ್ಲಿ ಎಂಡೋಟಾಕ್ಸಿನ್ ಅನ್ನುವ, ಕೊಬ್ಬು ಸಕ್ಕರೆ ಸೇರಿದ ಅಣು ಇದೆ. ರೋಗಾಣುಗಳನ್ನು ನುಂಗುವ ನಮ್ಮ ಮ್ಯಾಕ್ರೋಫೇಜ್ ಕೋಶಗಳು ಟಿಎಲ್ಆರ್4 ಅನ್ನುವ ಗ್ರಾಹಕದಿಂದ ಅದನ್ನು ಗುರುತಿಸಿ ಟಿಎನ್ಎಫ್, ಐಎಲ್-1, ಐಎಲ್-6 ಬಿಡುತ್ತವೆ. ಎಲ್ಲಿಯವರೆಗೆ ಕಲ್ಲಿನ ಹಿಂದೆ ಕೀವು ನಿಂತಿರುತ್ತದೋ ಅಲ್ಲಿಯವರೆಗೆ ರಕ್ತಕ್ಕೆ ಎಂಡೋಟಾಕ್ಸಿನ್ ಸೇರುತ್ತಲೇ ಇರುತ್ತದೆ. ಲಂಡನ್ನಿನ ಯುವಕರಿಗೆ ಕೆರಳಿಸುವ ವಸ್ತು ಒಂದು ಸಲ ಹೋಯಿತು, ಮುಗಿಯಿತು. ಇವರಿಗೆ ಹಾಗಲ್ಲ.

ಆದ್ದರಿಂದ ಚಿಕಿತ್ಸೆ ಶುರುವಾಗೋದು ರೋಗಾಣುವಿನ ಕಡೆಯಿಂದ. ರೋಗಾಣು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದುಕೊಂಡು, ಒಂದು ಗಂಟೆಯೊಳಗೆ ಆಂಟಿಬಯಾಟಿಕ್. ಜೊತೆಗೆ ಕೆಜಿಗೆ 30 ಎಂಎಲ್ ಲೆಕ್ಕದಲ್ಲಿ ಮೂರು ಗಂಟೆಯೊಳಗೆ ಸುಮಾರು 1,800 ಎಂಎಲ್ ಡ್ರಿಪ್. ಅಷ್ಟಕ್ಕೂ ಒತ್ತಡ 65 ಮುಟ್ಟದಿದ್ದರೆ ನಾರ್‌ಎಪಿನೆಫ್ರಿನ್ ಹನಿಸಿ ಹಿಗ್ಗಿದ ನಾಳಗಳನ್ನು ಬಿಗಿ ಮಾಡಬೇಕು. ಬಿಪಿ ಏರಲಿಲ್ಲ ಅಂತ ಸುಮ್ನೆ ಡ್ರಿಪ್ ಹಾಕುತ್ತಲೇ ಹೋದರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ನಾಳದಿಂದ ಸೋರಿದ್ದೆಲ್ಲ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಇವೆಲ್ಲದರ ಜೊತೆಗೆ, ಆದಷ್ಟು ಬೇಗ, ಮೂತ್ರನಾಳಕ್ಕೆ ಸ್ಟೆಂಟ್ ಹಾಕಿಯೋ ಬೆನ್ನಿನಿಂದ ಟ್ಯೂಬ್ ಇಳಿಸಿಯೋ ಕೀವು ಹೊರಗೆ ಹರಿಸಬೇಕು. ಈ ಒಂದು ಕೆಲಸ ತಡವಾದರೆ ಎಂಥ ಒಳ್ಳೆಯ ಆಂಟಿಬಯಾಟಿಕ್ಕೂ ಸೋಲುತ್ತದೆ. ಚಿಕಿತ್ಸೆ ಫಲಿಸುತ್ತಿದ್ದರೆ ಲ್ಯಾಕ್ಟೇಟ್ ಇಳಿಯುತ್ತದೆ, ಗಂಟೆಗೆ 30 ಎಂಎಲ್‌ಗಿಂತ ಜಾಸ್ತಿ ಮೂತ್ರ ಬರುತ್ತದೆ, ಮಾತು ತಿಳಿಯಾಗುತ್ತದೆ.

ಇನ್ನು ನಿಮ್ಮ ಮೂರನೇ ಪ್ರಶ್ನೆ. ಇಮ್ಯುನಿಟಿ ತಗ್ಗಿಸುವ ಔಷಧಿ ಕೆಲವು ಕಡೆ ಚೆನ್ನಾಗಿ ಕೆಲಸ ಮಾಡಿದೆ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಕ್ತ ಕ್ಯಾನ್ಸರ್ ಇದ್ದ ಒಬ್ಬ ಪುಟ್ಟ ಹುಡುಗಿಗೆ ಕಾರ್-ಟಿ ಚಿಕಿತ್ಸೆ ಕೊಟ್ಟರು. ಅವಳದೇ ಟಿ ಕೋಶಗಳನ್ನು ಕ್ಯಾನ್ಸರ್ ಕೊಲ್ಲುವಂತೆ ಮಾರ್ಪಡಿಸಿ ವಾಪಸ್ ಹಾಕುವ ವಿಧಾನ ಅದು. ಕೋಶಗಳು ಕೆಲಸ ಶುರು ಮಾಡಿದ ಮೇಲೆ ಅವಳು ವೆಂಟಿಲೇಟರ್‌ಗೆ ಹೋದಳು. ಪರೀಕ್ಷೆಯಲ್ಲಿ ಐಎಲ್-6 ವಿಪರೀತ ಏರಿತ್ತು. ಸಂಧಿವಾತಕ್ಕೆ ಬಳಸುತ್ತಿದ್ದ, ಐಎಲ್-6 ಗ್ರಾಹಕವನ್ನು ತಡೆಯುವ ಟೋಸಿಲಿಜುಮಾಬ್ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಜ್ವರ ಇಳಿದು ಅವಳು ಚೇತರಿಸಿಕೊಳ್ಳಲು ಶುರು ಮಾಡಿದಳು.

ಸೆಪ್ಸಿಸ್‌ನಲ್ಲೂ ಇದನ್ನೇ 1990ರ ದಶಕದಲ್ಲಿ ಮಾಡಿ ನೋಡಿದ್ದರು. ಟಿಎನ್ಎಫ್ ತಡೆಯುವ ಔಷಧಿಗಳ ಮೇಲೆ ತುಂಬಾ ಭರವಸೆ ಇತ್ತು. ಆದರೆ ಸಾವು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಅಂಥ ಒಂದು ಔಷಧಿಯ ಪರೀಕ್ಷೆಯಲ್ಲಿ ಡೋಸ್ ಜಾಸ್ತಿಯಾದಂತೆ ಸಾವೂ ಜಾಸ್ತಿಯಾಯಿತು. ಕಾರಣ ನನ್ನ ಪ್ರಕಾರ ಮುಖ್ಯವಾಗಿ ಎರಡು. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಟಿಎನ್ಎಫ್‌ನ ಮೊದಲ ಏರಿಕೆ ಬಹುಪಾಲು ಮುಗಿದಿರುತ್ತದೆ, ಒಳಗೋಡೆಗೆ ಪೆಟ್ಟು ಬಿದ್ದಾಗಿರುತ್ತದೆ. ಎರಡನೆಯದು, ಸೆಪ್ಸಿಸ್ ರೋಗಿಯಲ್ಲಿ ಅತಿಯಾದ ಉರಿಯೂತದ ಜೊತೆಗೇ ಇಮ್ಯೂನ್ ಕೋಶಗಳು ಸೋತು ಸಾಯುವುದೂ ನಡೆದಿರುತ್ತದೆ. ಮೊದಲ ದಿನಗಳನ್ನು ದಾಟಿ ಉಳಿದವರಲ್ಲಿ ಎಷ್ಟೋ ಜನಕ್ಕೆ ಎರಡನೇ ವಾರದಲ್ಲಿ ಹೊಸ ನ್ಯುಮೋನಿಯಾ, ಫಂಗಸ್ ಸೋಂಕು ಹತ್ತುವುದು ಇದರಿಂದಲೇ. ಅಂಥವರ ಇಮ್ಯುನಿಟಿಯನ್ನು ಇನ್ನಷ್ಟು ತಗ್ಗಿಸಿದರೆ ಸೋಂಕಿಗೆ ಬಾಗಿಲು ತೆರೆದುಕೊಟ್ಟಂತಾಗುತ್ತದೆ.

ಹೊತ್ತು ಎಷ್ಟು ಮುಖ್ಯ ಅನ್ನೋದನ್ನು ಕೋವಿಡ್ ಚೆನ್ನಾಗಿ ತೋರಿಸಿತು. 2020ರಲ್ಲಿ ಬ್ರಿಟನ್ನಿನ ರಿಕವರಿ ಅನ್ನುವ ಔಷಧಿ ಪರೀಕ್ಷೆಯಲ್ಲಿ, ಇಮ್ಯುನಿಟಿ ತಗ್ಗಿಸುವ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಆಕ್ಸಿಜನ್ ಮಾತ್ರ ಬೇಕಾಗಿದ್ದವರಲ್ಲಿ ಐದನೇ ಒಂದರಷ್ಟು ಇಳಿಯಿತು. ಆಕ್ಸಿಜನ್ನೇ ಬೇಡವಾಗಿದ್ದವರಿಗೆ ಪ್ರಯೋಜನ ಆಗಲಿಲ್ಲ. ಅದೇ ಮಾತ್ರೆ, ಅದೇ ವೈರಸ್. ಹಾಗಾಗಿ ಜ್ವರ ಬಂದ ಮೊದಲ ದಿನವೇ ಸ್ಟಿರಾಯ್ಡ್ ನುಂಗಬೇಡಿ ಅಂತ ನಾವು ಅಂಗಲಾಚುತ್ತೇವೆ. ಸೆಪ್ಸಿಸ್‌ನಿಂದ ಬಿಪಿ ತೀರಾ ಬೀಳುವ ಸೆಪ್ಟಿಕ್ ಶಾಕ್‌ನಲ್ಲಿ, ಬಿಪಿ ಎತ್ತುವ ಔಷಧಿ ಬಿಡಲಾಗದವರಿಗೆ ನಾವೂ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟಿರಾಯ್ಡ್ ಕೊಡುತ್ತೇವೆ. ಆದರೆ ಆಂಟಿಬಯಾಟಿಕ್ ಜೊತೆಗೆ, ಲೆಕ್ಕದ ಡೋಸಿನಲ್ಲಿ.

ಕೊನೆಗೆ ಒಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಸೋಂಕು ಇರುವವರ ಉಸಿರು ನಿಮಿಷಕ್ಕೆ 22 ಅಥವಾ ಅದಕ್ಕಿಂತ ಜಾಸ್ತಿಯಾದರೆ, ಮಾತಿನಲ್ಲಿ ಗೊಂದಲ ಕಂಡರೆ, ಮೇಲಿನ ಬಿಪಿ 100 ಅಥವಾ ಅದಕ್ಕಿಂತ ಕೆಳಗೆ ಬಂದರೆ, ಅರ್ಧ ದಿನ ಮೂತ್ರವೇ ಹೋಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ವಯಸ್ಸಾದವರಿಗೆ ಜ್ವರದ ಬದಲು ಮೈ ತಣ್ಣಗಾಗಬಹುದು, ಅದನ್ನು ನೋಡಿ ಜ್ವರ ಬಿಟ್ಟಿತು ಅಂದುಕೊಳ್ಳಬೇಡಿ. ತುರ್ತು ವಿಭಾಗಕ್ಕೆ ಹೋಗಿ, "ಇದು ಸೆಪ್ಸಿಸ್ ಇರಬಹುದಾ?" ಅಂತ ಬಾಯಿಬಿಟ್ಟು ಕೇಳಿ. ಲಕ್ಷಣ ಯಾವ ಹೊತ್ತಿಗೆ ಶುರುವಾಯಿತು, ಕೊನೆಯ ಸಲ ಮೂತ್ರ ಹೋಗಿದ್ದು ಯಾವಾಗ ಅನ್ನೋದನ್ನೂ ಹೇಳಿ.