ಮಾತಾಡಿ ಮನೆಗೆ ಬಂದ ಮೇಲೆ

ಪ್ರಶ್ನೆ: ನಾನು ಶಿರಸಿ ಕಡೆಯವಳು. ಈಗ ಮೈಸೂರಿನ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಇಲ್ಲಿ ಗೆಳತಿಯರು ಅಂತ ಯಾರೂ ಇಲ್ಲ. ಮೂರು ವಾರದ ಹಿಂದೆ ಒಂದು ತರಬೇತಿಯಲ್ಲಿ, ಬೇರೆ ಕಾಲೇಜಿನ ಮೇಡಂ ಒಬ್ಬರ ಜೊತೆ ಊಟದ ಹೊತ್ತಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಮನೆಗೆ ಬಂದ ಮೇಲೆ, ಅತಿಯಾಗಿ ಮಾತಾಡಿ ಅವರ ತಲೆ ತಿಂದೆ ಅನ್ನಿಸಿತು. ನಂಬರ್ ಇದೆ, ಮೆಸೇಜ್ ಮಾಡುವ ಧೈರ್ಯ ಇಲ್ಲ. ಅವರಿಗೆ ನಾನು ಹಿಡಿಸಿದೆನಾ ಇಲ್ಲವಾ ಅಂತ ತಿಳಿಯೋದು ಹೇಗೆ?

ಉತ್ತರ: ಊರು, ಕೆಲಸ ಬದಲಾಗಿರುತ್ತದೆ ಅಷ್ಟೆ, ಈ ಪತ್ರ ನನಗೆ ಪ್ರತಿ ತಿಂಗಳೂ ಬರುತ್ತದೆ. ಬರೆದವರು ತಾವು ಎಲ್ಲಿ ಎಡವಿದೆವು ಅನ್ನುವುದನ್ನು ಪುಟಗಟ್ಟಲೆ ಬರೆದಿರುತ್ತಾರೆ. ಎದುರಿಗೆ ಕೂತವರು ಆ ಹೊತ್ತಿನಲ್ಲಿ ಏನು ಮಾಡಿದರು ಅನ್ನುವುದು ಮಾತ್ರ ಒಂದು ಸಾಲೂ ಇರುವುದಿಲ್ಲ. ನಿಮ್ಮ ಪತ್ರದಲ್ಲೂ ಇರಲಿಲ್ಲ. ಅದಕ್ಕೇ ನಿಮಗೆ ತಿರುಗಿ ಬರೆದು ಕೇಳಿದೆ, ನೀವು ಕಳಿಸಿದ ಉತ್ತರದಲ್ಲಿ ಮೂರು ಸಂಗತಿ ಇದ್ದವು. ಊಟ ಮುಗಿದ ಮೇಲೆ ಅವರು ಎದ್ದು ಹೋಗಿ ಇನ್ನೊಂದು ಲೋಟ ಮಜ್ಜಿಗೆ ತಂದುಕೊಂಡರು, ಮತ್ತೆ ನಿಮ್ಮ ಎದುರಿಗೇ ಬಂದು ಕೂತರು. ಅಡಿಕೆ ಕೊಯ್ಯಲು ಆಳು ಸಿಗದೆ ಅಪ್ಪ ಪಟ್ಟ ಪಾಡನ್ನು ನೀವು ಹೇಳುತ್ತಿದ್ದಾಗ "ಆಮೇಲೆ ಏನು ಮಾಡಿದ್ರಿ?" ಅಂದರು. ನಂಬರ್ ಕೇಳಿದವರೂ ಅವರೇ.

ಈ ಮೂರೂ ನಿಮಗೆ ಗೊತ್ತಿತ್ತು. ಆದರೂ ಮೂರು ವಾರ ಅವು ಲೆಕ್ಕಕ್ಕೇ ಬರಲಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಇದು, ಯಾಕೆ ಬರಲಿಲ್ಲ ಅಂತ.

ಎದುರಿನವರಿಗೆ ನಾವು ನಿಜವಾಗಿ ಹಿಡಿಸಿದ್ದಕ್ಕಿಂತ ಕಡಿಮೆ ಹಿಡಿಸಿದೆವು ಅಂದುಕೊಳ್ಳುವುದನ್ನು ಮನೋವಿಜ್ಞಾನದಲ್ಲಿ ಲೈಕಿಂಗ್ ಗ್ಯಾಪ್ ಅನ್ನುತ್ತಾರೆ, ಕನ್ನಡದಲ್ಲಿ ಮೆಚ್ಚುಗೆಯ ಅಂತರ ಅನ್ನಬಹುದು. ಎರಿಕಾ ಬೂತ್‌ಬಿ, ಗಸ್ ಕೂನಿ, ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಮಾರ್ಗರೆಟ್ ಕ್ಲಾರ್ಕ್ 2018ರಲ್ಲಿ ಇದರ ಅಧ್ಯಯನ ಪ್ರಕಟಿಸಿದರು. ಮೊದಲ ಪ್ರಯೋಗ ಬಹಳ ಸರಳ. ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರನ್ನು ಐದು ನಿಮಿಷ ಮಾತಿಗೆ ಕೂರಿಸಿದರು. ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು: ಇವರು ನಿಮಗೆ ಎಷ್ಟು ಹಿಡಿಸಿದರು? ನೀವು ಅವರಿಗೆ ಎಷ್ಟು ಹಿಡಿಸಿರಬಹುದು? ಜನ ಮೊದಲನೆಯದಕ್ಕೆ ಕೊಟ್ಟ ಅಂಕ ಎರಡನೆಯದಕ್ಕಿಂತ ಸರಾಸರಿಯಲ್ಲಿ ಹೆಚ್ಚಿತ್ತು. "ನನಗಂತೂ ಇವರು ಹಿಡಿಸಿದರು, ಇವರಿಗೆ ನಾನು ಅಷ್ಟಾಗಿ ಹಿಡಿಸಿರಲಿಕ್ಕಿಲ್ಲ" ಅಂತ ಎರಡೂ ಕಡೆಯವರು ಅಂದುಕೊಂಡು ಎದ್ದಿದ್ದರು. ಇಬ್ಬರೂ ಒಟ್ಟಿಗೆ ಸರಿ ಇರಲು ಸಾಧ್ಯವೇ ಇಲ್ಲ.

ಐದು ನಿಮಿಷ ಸಾಲದೆ ಹೀಗಾಯಿತು ಅನ್ನುತ್ತೀರಾ? ಇನ್ನೊಂದು ಪ್ರಯೋಗದಲ್ಲಿ ಬೇಕಾದಷ್ಟು ಹೊತ್ತು ಮಾತಾಡಲು ಬಿಟ್ಟರು, ಕೆಲವರು ಮುಕ್ಕಾಲು ಗಂಟೆ ಮಾತಾಡಿದರು. ಅಂತರ ಹಾಗೇ ಉಳಿಯಿತು. ಕಾಲೇಜು ಹಾಸ್ಟೆಲಿನಲ್ಲಿ ಹೊಸದಾಗಿ ಜೊತೆಗೆ ವಾಸಕ್ಕೆ ಬಂದ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಸೆಪ್ಟೆಂಬರ್‌ನಿಂದ ಮೇ ತನಕ ಗಮನಿಸಿದಾಗಲೂ ಅದು ತಿಂಗಳುಗಟ್ಟಲೆ ಇತ್ತು, ವರ್ಷ ಮುಗಿಯುವ ಹೊತ್ತಿಗಷ್ಟೇ ಮುಚ್ಚಿತು. ಒಂದೇ ಬಾಗಿಲು, ಒಂದೇ ಬಚ್ಚಲು ಹಂಚಿಕೊಂಡವರಿಗೇ ಅಷ್ಟು ತಿಂಗಳು ಬೇಕಾಯಿತು.

ನನ್ನ ಮಟ್ಟಿಗೆ ಈ ಅಧ್ಯಯನದ ತಿರುಳು ಇರುವುದು ವಿಡಿಯೊದಲ್ಲಿ. ಆ ಐದು ನಿಮಿಷದ ಮಾತುಕತೆಯನ್ನು ಚಿತ್ರೀಕರಿಸಿ, ಸಂಬಂಧವೇ ಇಲ್ಲದ ಮೂರನೆಯವರಿಗೆ ತೋರಿಸಿದರು. ಯಾರಿಗೆ ಯಾರು ಎಷ್ಟು ಹಿಡಿಸಿದ್ದಾರೆ ಅನ್ನುವುದರ ಸುಳಿವು ಅವರಿಗೆ ಕಂಡಿತು. ಅಂದರೆ ಮೆಚ್ಚುಗೆ ಮುಖದಲ್ಲಿ, ಮಾತಿನಲ್ಲಿ ಹೊರಗೇ ಇತ್ತು. ಅದನ್ನು ಬಳಸಿಕೊಳ್ಳದೆ ಹೋದವರು ಎದುರಿಗೇ ಕೂತಿದ್ದವರು. ನಿಮ್ಮ ಮಜ್ಜಿಗೆಯ ಕಥೆಯೂ ಇದೇ. ಪಕ್ಕದ ಮೇಜಿನಲ್ಲಿ ಕೂತವರನ್ನು ಕೇಳಿದ್ದರೆ "ಆ ಮೇಡಂಗೆ ಇವರ ಜೊತೆ ಮಾತು ಹತ್ತಿತ್ತು" ಅಂತ ಸುಲಭವಾಗಿ ಹೇಳಿರುತ್ತಿದ್ದರು.

ಎದುರಿಗಿದ್ದವರಿಗೆ ಯಾಕೆ ಕಾಣುವುದಿಲ್ಲ? ಮಾತಾಡುವಾಗ ನಿಮ್ಮ ಗಮನದ ದೊಡ್ಡ ಪಾಲು ನಿಮ್ಮ ಮೇಲೇ ಇರುತ್ತದೆ: ಮುಂದೇನು ಹೇಳಲಿ, ಈಗ ಹೇಳಿದ್ದು ಸರಿಹೋಯಿತಾ ಅಂತ. ಮಾತು ಮುಗಿದ ಮೇಲೆ ತಲೆಯಲ್ಲಿ ಸುಳಿದದ್ದನ್ನು ಕೇಳಿದಾಗ, ಜನ ಎದುರಿನವರ ಬಗ್ಗೆ ಒಳ್ಳೆಯದನ್ನೂ, ತಾವು ಅವರಿಗೆ ಹೇಗೆ ಕಂಡಿರಬಹುದು ಅನ್ನುವುದರ ಬಗ್ಗೆ ಅದಕ್ಕಿಂತ ಕಹಿಯಾದದ್ದನ್ನೂ ಹೇಳಿದರು. ಆ ಕಹಿಗೆ ಒಂದು ಕಾರಣವಿದೆ. ನೀವು ಆ ಕಥೆಯನ್ನು ಇನ್ನೂ ಎಷ್ಟು ಚೆನ್ನಾಗಿ ಹೇಳಬಹುದಿತ್ತು ಅನ್ನುವುದು ನಿಮಗೆ ಗೊತ್ತು, ಹೋಲಿಸಿ ನೋಡುವುದೂ ಅದರ ಜೊತೆಗೇ. ಆ ಮೇಡಂ ಕೇಳಿದ್ದು ನೀವು ನಿಜವಾಗಿ ಹೇಳಿದ ಒಂದೇ ಕಥೆಯನ್ನು. ಹೋಲಿಸಲು ಅವರ ಬಳಿ ಇನ್ನೊಂದು ಇರಲಿಲ್ಲ.

ಇದರ ಮೇಲೆ ನಮ್ಮ ಸಂಕೋಚ ಬೇರೆ. ಹೊಸಬರ ಎದುರು "ನೀವು ನನಗೆ ಹಿಡಿಸಿದಿರಿ" ಅಂತ ಬಾಯಿಬಿಟ್ಟು ಹೇಳುವವರು ಯಾರು? ಒಂದು ವೇಳೆ ಅವರಿಗೆ ಹಾಗನ್ನಿಸದಿದ್ದರೆ ಅನ್ನುವ ಹೆದರಿಕೆಯಿಂದ ಎಲ್ಲರೂ ಅರ್ಧ ಮುಚ್ಚಿಟ್ಟೇ ತೋರಿಸುತ್ತಾರೆ. ತೋರಿಸಿದ್ದರೂ, ಮರ್ಯಾದೆಗೆ ನಕ್ಕರು ಅಂತ ನೀವು ತಳ್ಳಿಹಾಕುತ್ತೀರಿ.

ಈಗ ನೀವು ಇನ್ನೂ ಯೋಚಿಸದೆ ಇರುವ ಕಡೆಗೆ ಬನ್ನಿ. ಈ ಅಂತರ ಅವರ ಕಡೆಯೂ ಇರಬಹುದು. ನಂಬರ್ ತಾನೇ ಕೇಳಿ ಪಡೆದರೂ ಮೂರು ವಾರದಿಂದ ಆಕೆ ಒಂದು ಮೆಸೇಜೂ ನೋಡಿಲ್ಲ. "ಪಾಪ, ಊಟಕ್ಕೆ ಕೂತವಳನ್ನು ಬಿಡದೆ ಪ್ರಶ್ನೆ ಕೇಳಿದೆ, ಬೇಡವೆನ್ನಲಾಗದೆ ನಂಬರ್ ಕೊಟ್ಟಳು" ಅಂತ ಅವರು ಅಂದುಕೊಂಡಿರಲೂಬಹುದು. ಅವರಿಗೆ ನೀವು ಹಿಡಿಸಿದಿರಾ ಅನ್ನುವುದನ್ನು ಕೂತಲ್ಲೇ ತಿಳಿಯಲು ನಿಮಗೆ ದಾರಿಯಿಲ್ಲ. ಅವರು ನಿಮಗೆ ಹಿಡಿಸಿದರು ಅನ್ನುವುದು ನಿಮಗೆ ಖಚಿತವಾಗಿ ಗೊತ್ತು. ಗೊತ್ತಿರುವುದನ್ನು ಹೇಳಿ.

ಹೇಗೆ ಹೇಳಬೇಕು ಅಂತಲೂ ಹೇಳಿಬಿಡುತ್ತೇನೆ, ಇಲ್ಲೇ ಬಹಳ ಜನ ಕೆಡಿಸಿಕೊಳ್ಳುವುದು. ನೀವು ನನಗೆ ತೋರಿಸಿದ ಕರಡು "ಅವತ್ತು ತುಂಬಾ ಮಾತಾಡಿಬಿಟ್ಟೆ, ಸಾರಿ ಮೇಡಂ" ಅಂತ ಶುರುವಾಗಿತ್ತು. ಅದನ್ನು ಅಳಿಸಿ. ಕ್ಷಮೆ ಕೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ತಲೆಗೆ ಬೀಳುತ್ತದೆ. "ಅಯ್ಯೋ ಹಾಗೇನಿಲ್ಲ" ಅಂತ ಬರೆಯುತ್ತಾರೆ, ನೀವು ಅದನ್ನೂ ನಂಬುವುದಿಲ್ಲ. ಅದರ ಬದಲು ಅವರು ಹೇಳಿದ್ದರಲ್ಲೇ ಒಂದನ್ನು ಎತ್ತಿಕೊಳ್ಳಿ. ನಂಜನಗೂಡು ರಸಬಾಳೆ ದೇವರಾಜ ಮಾರ್ಕೆಟಿನಲ್ಲಿ ಹುಡುಕಿ ಅಂದಿದ್ದರಂತೆ, ನೀವು ಹೋಗಿಯೂ ಬಂದಿರಂತೆ. ಹಾಗಾದರೆ ಇಷ್ಟು ಸಾಕು:

"ನಮಸ್ಕಾರ ಮೇಡಂ, ಟ್ರೈನಿಂಗ್‌ನಲ್ಲಿ ಊಟಕ್ಕೆ ಜೊತೆಗೆ ಕೂತಿದ್ವಲ್ಲ, ಶಿರಸಿಯವಳು. ಅವತ್ತು ನಿಮ್ಮ ಜೊತೆ ಮಾತಾಡಿದ್ದು ತುಂಬಾ ಖುಷಿಯಾಯ್ತು. ನೀವು ಹೇಳಿದ ಹಾಗೆ ಮಾರ್ಕೆಟ್‌ಗೆ ಹೋಗಿದ್ದೆ, ರಸಬಾಳೆ ಸಿಕ್ತು."

ಖುಷಿಯಾಯಿತು ಅನ್ನುವ ವಾಕ್ಯ ಬಿಡಬೇಡಿ, ಅವರ ಕಡೆಯ ಅನುಮಾನ ಕರಗುವುದು ಅದರಿಂದ. ಬಾಳೆಹಣ್ಣಿನ ವಾಕ್ಯವೂ ಬೇಕು. ನೀವು ನಿಜವಾಗಿ ಕೇಳಿಸಿಕೊಂಡಿದ್ದಿರಿ ಅನ್ನುವುದಕ್ಕೆ ಅದು ಗುರುತು. ಮೊದಲ ಮೆಸೇಜಿನಲ್ಲೇ ಮನೆಗೆ ಕರೆಯುವುದು ಬೇಡ ಅನ್ನುವುದು ನನ್ನ ಅಭ್ಯಾಸದ ಎಚ್ಚರಿಕೆ. ಅವರು ಮಾತು ಮುಂದುವರಿಸಿದರೆ ಮುಂದಿನ ವಾರ ಕಾಫಿಗೆ ಕೇಳಿ.

ಮೂರು ವಾರ ತಡವಾಯಿತು ಅನ್ನುವ ಚಿಂತೆ ಬಿಡಿ. ಪೆಗ್ಗಿ ಲಿಯು ಮತ್ತು ಜೊತೆಯವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತು ನಿಂತುಹೋಗಿದ್ದ ಪರಿಚಿತರಿಗೆ ಜನರಿಂದ ಒಂದು ಸಣ್ಣ ಚೀಟಿ ಅಥವಾ ಉಡುಗೊರೆ ಕಳಿಸಿಸಿದರು. ಕಳಿಸಿದವರ ಅಂದಾಜಿಗಿಂತ ಪಡೆದವರಿಗೆ ಆದ ಸಂತೋಷ ದೊಡ್ಡದಾಗಿತ್ತು. ಎದುರು ನೋಡದೆ ಬಂದದ್ದೇ ಅದಕ್ಕೆ ಮುಖ್ಯ ಕಾರಣ, ಕಳಿಸುವವರು ಆ ಅಚ್ಚರಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇನ್ನು ಮುಂದಿನ ಮಾತುಕತೆಗಳಿಗೆ ಒಂದು ರೂಢಿ ಮಾಡಿಕೊಳ್ಳಿ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ, ಮನಸ್ಸು ತಪ್ಪು ಹುಡುಕಲು ಶುರುಮಾಡುವ ಮೊದಲು, ಎದುರಿನವರು ಮಾಡಿದ್ದನ್ನು ಎರಡು ಮೂರು ಸಾಲು ಬರೆಯಿರಿ. ಮಾಡಿದ್ದು ಮತ್ತು ಆಡಿದ್ದು ಮಾತ್ರ, ನಿಮ್ಮ ಅರ್ಥ ಬೇಡ. "ಎರಡನೇ ಲೋಟ ತಂದು ಮತ್ತೆ ಕೂತರು" ಅಂತ ಬರೆಯಬಹುದು, "ಬೇಜಾರಾಗಿರಬೇಕು" ಅಂತ ಬರೆಯುವಂತಿಲ್ಲ. ಗಡಿಯಾರ ನೋಡಿದರು, ಒಂದೇ ಪದದಲ್ಲಿ ಉತ್ತರ ಕೊಟ್ಟರು, ಏನನ್ನೂ ತಿರುಗಿ ಕೇಳಲಿಲ್ಲ ಅನ್ನುವುದೂ ಬರಲಿ, ಆಗಿದ್ದರೆ.

ಯಾಕೆಂದರೆ ಇದಕ್ಕೆ ಮಿತಿ ಇದೆ. ಅಂತರ ಅನ್ನುವುದು ಸರಾಸರಿಯ ಮಾತು, ನಿಮ್ಮ ಎದುರಿನ ಒಬ್ಬ ವ್ಯಕ್ತಿಯ ಬಗ್ಗೆ ಅದು ಭರವಸೆ ಕೊಡುವುದಿಲ್ಲ. ನಾಚಿಕೆ ಸ್ವಭಾವ ಹೆಚ್ಚಿದ್ದಷ್ಟೂ ಅಂತರ ಹೆಚ್ಚು. ನಾಚಿಕೆ ತೀರಾ ಕಡಿಮೆ ಇದ್ದವರಲ್ಲಿ ಅದು ಕಾಣಲೇ ಇಲ್ಲ. ನಾಲ್ಕು ಜನರ ನಡುವೆ ಲೀಲಾಜಾಲವಾಗಿ ಮಾತಾಡುವವರು ಇದನ್ನು ಓದಿ "ನಾನು ಅಂದುಕೊಂಡಿದ್ದಕ್ಕಿಂತಲೂ ಎಲ್ಲರಿಗೂ ಇಷ್ಟ" ಅಂತ ಕೂಡಿಸಿಕೊಳ್ಳುವುದು ತಪ್ಪು. ನಿಮ್ಮ ಪತ್ರ ಓದಿದರೆ ನೀವು ಆ ಗುಂಪಿನವರಲ್ಲ.

ಪ್ರಶ್ನೆ: ಫೀಸು ಕೊಟ್ಟು ಹೋದ ಒಂದು ವರ್ಕ್‌ಶಾಪ್‌ನಲ್ಲಿ, ಸಂವಹನದಲ್ಲಿ 93 ಪರ್ಸೆಂಟ್ ಬಾಡಿ ಲ್ಯಾಂಗ್ವೇಜ್, ಎದುರಿನವರ ಪಾದ ಯಾವ ಕಡೆ ತಿರುಗಿದೆ ನೋಡಿದರೆ ಇಷ್ಟವೋ ಇಲ್ಲವೋ ಗೊತ್ತಾಗುತ್ತದೆ ಅಂದರು. ನಿಜವೇ?

ಉತ್ತರ: ಸುಳ್ಳು, ಅದಕ್ಕೆ ಫೀಸು ಕೊಟ್ಟಿದ್ದು ನೋಡಿ ಸಂಕಟವಾಗುತ್ತದೆ. ಆ ಅಂಕಿಯ ಮೂಲ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಪ್ರಯೋಗಗಳು. ಅಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳುವವರ ಭಾವನೆ ಊಹಿಸಲು ಕೇಳಿದ್ದರು. ತಮ್ಮ ಭಾವನೆ, ಇಷ್ಟಾನಿಷ್ಟಗಳ ಬಗ್ಗೆ ಆಡುವ ಮಾತು ಬಿಟ್ಟರೆ ಬೇರೆ ಮಾತಿಗೆ ಅದನ್ನು ಅನ್ವಯಿಸುವಂತಿಲ್ಲ ಅಂತ ಸ್ವತಃ ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಪಾದ ನೋಡುತ್ತಾ ಕೂತರೆ ಅವರು ಹೇಳಿದ ಮಾತು ತಪ್ಪಿಹೋಗುತ್ತದೆ.

ಪ್ರಶ್ನೆ: ನೇರವಾಗಿ "ನನ್ನ ಜೊತೆ ಮಾತಾಡಿದ್ದು ಇಷ್ಟವಾಯ್ತಾ?" ಅಂತ ಕೇಳಬಹುದಾ?

ಉತ್ತರ: ಬೇಡ, ಯಾರೂ "ಇಲ್ಲ" ಅನ್ನುವುದಿಲ್ಲ.

ಪ್ರಶ್ನೆ: ಇಂಟರ್‌ವ್ಯೂ ಕೆಟ್ಟದಾಗಿ ಆಯ್ತು ಅನ್ನಿಸಿದೆ. ಲೈಕಿಂಗ್ ಗ್ಯಾಪ್ ಪ್ರಕಾರ ಕೆಲಸ ಸಿಗುವ ಸಾಧ್ಯತೆ ಇದೆಯಾ?

ಉತ್ತರ: ಹಿಡಿಸುವುದು ಬೇರೆ, ಆಯ್ಕೆ ಮಾಡುವುದು ಬೇರೆ. ಬೇರೆ ಕಡೆಯೂ ಅರ್ಜಿ ಹಾಕಿ.

ಪ್ರಶ್ನೆ: ಆಫೀಸಿನಲ್ಲಿ ಒಬ್ಬ ಹುಡುಗಿ ನನ್ನ ಮೆಸೇಜ್‌ಗಳಿಗೆ ಉತ್ತರ ಕೊಡುವುದಿಲ್ಲ. ಅವಳಿಗೆ ನಾನು ಇಷ್ಟ ಇದ್ದು, ನಾನೇ ಕಡಿಮೆ ಅಂದಾಜು ಮಾಡುತ್ತಿರಬಹುದಲ್ಲವೇ?

ಉತ್ತರ: ಅಲ್ಲ. ಉತ್ತರ ಕೊಡದಿರುವುದೇ ಆಕೆಯ ಉತ್ತರ, ಇನ್ನೊಂದು ಮೆಸೇಜ್ ಕಳಿಸಬೇಡಿ. ಆ ಅಧ್ಯಯನಗಳು ಇಬ್ಬರೂ ಒಪ್ಪಿ ಕೂತು ಆಡಿದ ಮಾತಿನ ಬಗ್ಗೆ. ಆಕೆ ಮಾತಿಗೇ ಕೂತಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಶಾಲೆಯಿಂದ ಬಂದು "ಅವನಿಗೆ ನನ್ನ ಜೊತೆ ಆಡೋಕೆ ಇಷ್ಟ ಇರ್ಲಿಲ್ಲ" ಅನ್ನುತ್ತಾನೆ. ಇಷ್ಟು ಚಿಕ್ಕ ವಯಸ್ಸಿಗೇ ಹೀಗಾಗುತ್ತಾ?

ಉತ್ತರ: ಆಗುತ್ತದೆ. 2021ರಲ್ಲಿ ವೌಟರ್ ವುಲ್ಫ್, ಮೈಕೆಲ್ ಟೊಮಸೆಲ್ಲೊ ಮತ್ತು ಜೊತೆಯವರು ಮಕ್ಕಳನ್ನು ಜೋಡಿ ಮಾಡಿ ಒಟ್ಟಿಗೆ ಗೋಪುರ ಕಟ್ಟಿಸಿ, ಆಮೇಲೆ ಇದೇ ಬಗೆಯ ಪ್ರಶ್ನೆ ಕೇಳಿದರು. ನಾಲ್ಕು ವರ್ಷದವರಲ್ಲಿ ಅಂತರವಿರಲಿಲ್ಲ. ಐದು ದಾಟಿದವರಲ್ಲಿ ಕಾಣತೊಡಗಿತು, ಬೇರೆಯವರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ ಅನ್ನುವ ಯೋಚನೆ ಮಕ್ಕಳಲ್ಲಿ ಬಲಿಯುವ ವಯಸ್ಸು ಅದು. "ಹಾಗೇನಿಲ್ಲ ಪುಟ್ಟ" ಅಂತ ಮುಚ್ಚಿಹಾಕಬೇಡಿ, "ಅವನು ಏನು ಮಾಡಿದ?" ಅಂತ ಕೇಳಿ. "ಬಾಲ್ ನನಗೇ ಕೊಟ್ಟ" ಅಂದರೆ ಆ ಮಾತನ್ನೇ ಅವನ ಮುಂದಿಡಿ. "ತಳ್ಳಿದ, ಸೇರಿಸಿಕೊಳ್ಳಲಿಲ್ಲ" ಅಂದರೆ, ಅದೂ ಮತ್ತೆ ಮತ್ತೆ ಅಂದರೆ, ಅದು ಅಂದಾಜಿನ ತಪ್ಪಲ್ಲ. ಈ ವಾರವೇ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ, ಊಟದ ಬಿಡುವಿನಲ್ಲಿ ಅವನು ಯಾರ ಜೊತೆ ಕೂರುತ್ತಾನೆ ಅಂತ ಕೇಳಿ.